ಮಂಚದ ಅಳತೆ ಎಂದರೆ ಯಾವ ಅಳತೆ?

ಹತ್ತಡಿ ಉದ್ದದ ಮಲಗುವ ಕೋಣೆ. ಒಂದು ಗೋಡೆಗೆ ಎರಡಡಿ ಆಳದ ಬಟ್ಟೆ ಬೀರು ಇದೆ, ಎದುರು ಗೋಡೆಗೆ ಮಂಚ ಬರಬೇಕು. ಆನ್‌ಲೈನ್ ಅಂಗಡಿಯಲ್ಲಿ ಮಂಚದ ಚಿತ್ರದ ಕೆಳಗೆ ‘ಕ್ವೀನ್ ಸೈಜ್, 78×60 ಇಂಚು’ ಎಂದು ಬರೆದಿದೆ. ಕೊಳ್ಳುವವರು ಟೇಪು ಹಿಡಿದು ಲೆಕ್ಕ ಹಾಕುತ್ತಾರೆ. ಕೋಣೆಯ 120 ಇಂಚಿನಲ್ಲಿ ಬೀರುವಿನ 24 ಹೋದರೆ 96, ಮಂಚದ 78 ಹೋದರೆ 18 ಉಳಿಯಿತು. ಬೀರುವಿನ ಬಾಗಿಲು 16 ಇಂಚು ಅಗಲ, ತೆರೆಯಲು ತೊಂದರೆಯಿಲ್ಲ. ಹಣ ಕಟ್ಟುತ್ತಾರೆ. ಮಂಚ ಬಂದು, ಜೋಡಿಸಿ, ಗೋಡೆಗೆ ಒತ್ತರಿಸಿದ ಮೇಲೆ ಬೀರುವಿನ ಬಾಗಿಲು ಅರ್ಧಕ್ಕೇ ಮಂಚಕ್ಕೆ ಬಡಿದು ನಿಲ್ಲುತ್ತದೆ. ಅಳೆದು ನೋಡಿದರೆ ತಲೆಯ ಕಡೆಯ ಹೆಡ್‌ಬೋರ್ಡ್ ಮತ್ತು ಕಾಲ ಕಡೆಯ ಹಲಗೆ ಸೇರಿ ಮಂಚದ ಉದ್ದ 83 ಇಂಚು. ಗೋಡೆಯ ಬುಡದ ಸ್ಕರ್ಟಿಂಗ್ ಕಲ್ಲು ಅದನ್ನು ಇನ್ನೂ ಅರ್ಧ ಇಂಚು ಮುಂದಕ್ಕೆ ತಳ್ಳಿದೆ. 18 ಇಂಚು ಇರಬೇಕಾದ ಕಡೆ ಹನ್ನೆರಡೂವರೆ ಇಂಚು ಮಾತ್ರ ಇದೆ.

ಇಲ್ಲಿ ಸುಳ್ಳು ಹೇಳಿದವರು ಯಾರೂ ಇಲ್ಲ. ಮಾರಿದವರು ಬರೆದದ್ದು ಹಾಸಿಗೆಯ ಅಳತೆ, ಆ ಮಂಚದಲ್ಲಿ 78×60ರ ಹಾಸಿಗೆ ಸರಿಯಾಗಿಯೇ ಕೂರುತ್ತದೆ. ಕೊಂಡವರು ಓದಿಕೊಂಡದ್ದು ಮಂಚದ ಅಳತೆ. ಪೀಠೋಪಕರಣಗಳ ಆರ್ಡರ್ ಜಗಳಗಳಲ್ಲಿ ದೊಡ್ಡ ಪಾಲು ಈ ಜಾತಿಯದು. ಅಂಕಿ ಸರಿಯಾಗಿಯೇ ಇರುತ್ತದೆ, ಆದರೆ ಅದು ಯಾವುದರ ಅಂಕಿ, ಯಾವ ಸ್ಥಿತಿಯಲ್ಲಿ ಅಳೆದದ್ದು ಎಂಬುದು ಎಲ್ಲೂ ಇರುವುದಿಲ್ಲ. ಅಳತೆ, ಜೋಡಣೆಯ ಶ್ರಮ, ತಡೆಯುವ ಭಾರ, ಈ ಮೂರರಲ್ಲೂ ಇದೇ ಕಥೆ. ಹೆಚ್ಚು ಅಂಕಿ ತುಂಬಿದರೆ ಜಗಳ ತಪ್ಪುವುದಿಲ್ಲ. ಪ್ರತಿ ಅಂಕಿಗೂ ಅದರ ಷರತ್ತನ್ನು ಪಕ್ಕದಲ್ಲೇ ಬರೆದರೆ ಬಹುಪಾಲು ತಪ್ಪುತ್ತದೆ. ಇದನ್ನು ನೋಡಲು ಕೆಳಗೆ ಸಾಮಾನು ಇಡುವ ಪೆಟ್ಟಿಗೆಯಿರುವ ಹೈಡ್ರಾಲಿಕ್ ಮಂಚಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಮೂರೂ ಬಗೆಯ ತಕರಾರು ಅದರಲ್ಲೇ ಇವೆ.

ಮೊದಲು ಅಳತೆ. ‘ಕ್ವೀನ್’ ಎಂಬ ಹೆಸರನ್ನು ನಂಬಿ ಯಾರೂ ಮಂಚ ಮಾರಬಾರದು, ಕೊಳ್ಳಲೂಬಾರದು. ನಮ್ಮ ಮಾರುಕಟ್ಟೆಯಲ್ಲಿ 60 ಇಂಚು ಅಗಲದ ಹಾಸಿಗೆ 72, 75, 78 ಇಂಚುಗಳ ಮೂರು ಉದ್ದಗಳಲ್ಲಿ ಸಿಗುತ್ತದೆ, ಮೂರನ್ನೂ ಕ್ವೀನ್ ಎಂದೇ ಕರೆಯುತ್ತಾರೆ. ಅಮೆರಿಕದ ಕ್ವೀನ್ ಹಾಸಿಗೆ 80 ಇಂಚು ಉದ್ದ. ಮನೆಯಲ್ಲಿ ಈಗಾಗಲೇ 75 ಇಂಚಿನ ಹಾಸಿಗೆ ಇದ್ದರೆ 78ರ ಮಂಚದಲ್ಲಿ ಕಾಲ ಬಳಿ ಮೂರು ಇಂಚಿನ ಹಳ್ಳ ಉಳಿಯುತ್ತದೆ. 80ರದ್ದಾದರೆ ಅದು ಅಂಚಿನ ಮೇಲೆ ಹತ್ತಿ ಕೂರುತ್ತದೆ. ಹೀಗಾಗಿ ವಿವರಣೆಯಲ್ಲಿ ಎರಡು ಅಳತೆ ಬೇರೆ ಬೇರೆಯಾಗಿ ಬರಲೇಬೇಕು: ಹಾಸಿಗೆ ಕೂರುವ ಒಳಜಾಗ, ಮತ್ತು ಕೋಣೆಯಲ್ಲಿ ಮಂಚ ಹಿಡಿಯುವ ಒಟ್ಟು ಹೊರಜಾಗ. 78 ಇಂಚಿನ ಹಾಸಿಗೆಗೆ ಒಳಜಾಗ ಕರಾರುವಾಕ್ಕಾಗಿ 78 ಇದ್ದರೂ ಕಷ್ಟ. ಚಾದರದ ಅಂಚು ಸಿಕ್ಕಿಸಲು ಬೆರಳು ಹೋಗುವಷ್ಟು, ಅಂದರೆ ಅರ್ಧದಿಂದ ಒಂದು ಇಂಚು ಬಿಡುವು ಬೇಕು. ಆ ಬಿಡುವನ್ನೂ ಬರೆಯಬೇಕು, ಇಲ್ಲದಿದ್ದರೆ ‘ಹಾಸಿಗೆ ಸಡಿಲ’ ಎಂಬ ದೂರು ಬರುತ್ತದೆ.

‘ಉದ್ದ, ಅಗಲ, ಎತ್ತರ’ ಎಂದು ಮೂರು ಅಂಕಿಗಳನ್ನು ಗುಣಾಕಾರದ ಗುರುತು ಹಾಕಿ ಬರೆಯುವ ರೂಢಿ ಕಾರ್ಖಾನೆಯೊಳಗೆ ಸರಿ. ಕೊಳ್ಳುವವರ ಮನೆಯಲ್ಲಿ ಅದು ಗೊಂದಲ. ಮಂಚಕ್ಕೆ ಉದ್ದವೆಂದರೆ ತಲೆಯಿಂದ ಕಾಲಿಗೆ, ಬೀರುವಿಗೆ ಉದ್ದವೆಂದರೆ ಕೆಲವರಿಗೆ ಎತ್ತರ, ಕೆಲವರಿಗೆ ಗೋಡೆಯುದ್ದಕ್ಕೆ ಹರಡುವ ಅಗಲ. ಬದಿಗಳನ್ನು ಹೆಸರು ಹಿಡಿದು ಹೇಳುವುದೇ ಮೇಲು: ಗೋಡೆಯಿಂದ ಕಾಲಿನ ತುದಿಯವರೆಗೆ ಇಷ್ಟು, ಎಡದಿಂದ ಬಲಕ್ಕೆ ಇಷ್ಟು, ನೆಲದಿಂದ ಹೆಡ್‌ಬೋರ್ಡಿನ ತಲೆಯವರೆಗೆ ಇಷ್ಟು, ನೆಲದಿಂದ ಹಾಸಿಗೆ ಇಡುವ ಹಲಗೆಯವರೆಗೆ ಇಷ್ಟು. ಕೊನೆಯದನ್ನು ಬಹಳ ಮಂದಿ ಬಿಟ್ಟುಬಿಡುತ್ತಾರೆ. ಹಲಗೆ 14 ಇಂಚು ಎತ್ತರದಲ್ಲಿದ್ದು ಅದರ ಮೇಲೆ ಎಂಟು ಇಂಚಿನ ಹಾಸಿಗೆ ಬಂದರೆ ಕೂರುವ ಎತ್ತರ 22 ಇಂಚು. ಮಂಡಿನೋವಿನ ಅಜ್ಜಿಗೆ ಏಳಲು ಅದು ಅನುಕೂಲವೇ, ಗಿಡ್ಡಗಿರುವವರಿಗೆ ಕಾಲು ನೆಲಕ್ಕೆ ಎಟುಕದು. ಹೆಡ್‌ಬೋರ್ಡಿನ ಎತ್ತರವೂ ಅಷ್ಟೇ ಮುಖ್ಯ. ಗೋಡೆಯ ಸ್ವಿಚ್‌ಬೋರ್ಡು ಅದರ ಹಿಂದೆ ಮುಚ್ಚಿಹೋಗುತ್ತದೋ ಇಲ್ಲವೋ ಎಂಬುದು ಆ ಒಂದು ಅಂಕಿಯಿಂದಲೇ ಗೊತ್ತಾಗುವುದು. ಹೈಡ್ರಾಲಿಕ್ ಮಂಚಕ್ಕೆ ಇನ್ನೊಂದು ಅಳತೆ ಸೇರುತ್ತದೆ, ಹಲಗೆ ಪೂರ್ತಿ ಎತ್ತಿದಾಗ ಅದರ ತುದಿ ಎಷ್ಟು ಎತ್ತರಕ್ಕೆ ಹೋಗುತ್ತದೆ ಎಂಬುದು. ಮೇಲೆ ತಗ್ಗಿನ ಸಜ್ಜಾ ಇದ್ದರೆ ಪೆಟ್ಟಿಗೆ ಅರ್ಧವೇ ತೆರೆದೀತು.

‘ಅಳತೆಯಲ್ಲಿ ಸ್ವಲ್ಪ ವ್ಯತ್ಯಾಸ ಇರಬಹುದು’ ಎಂಬ ವಾಕ್ಯವನ್ನು ಎಲ್ಲರೂ ಅಡಿಯಲ್ಲಿ ಸೇರಿಸುತ್ತಾರೆ. ಎಷ್ಟು ಸ್ವಲ್ಪ? ಆ ವಾಕ್ಯಕ್ಕೆ ಮಿತಿ ಇಲ್ಲದಿದ್ದರೆ ಅದು ಮಾರುವವರನ್ನೂ ಕಾಯುವುದಿಲ್ಲ. ಯಂತ್ರದಲ್ಲಿ ಕತ್ತರಿಸಿದ ಪಾರ್ಟಿಕಲ್ ಬೋರ್ಡಿನ ಮಂಚದಲ್ಲಿ ಐದು ಮಿಲಿಮೀಟರ್ ಒಳಗೆ ನಿಲ್ಲುವುದು ಕಷ್ಟವಲ್ಲ. ಬಡಗಿ ಕೈಯಲ್ಲಿ ಮಾಡಿದ ಗಟ್ಟಿಮರದ ಮಂಚಕ್ಕೆ ಹತ್ತು ಬೇಕಾದೀತು. ಜೊತೆಗೆ ಗಟ್ಟಿಮರ ಗಾಳಿಯ ತೇವಕ್ಕೆ ಅಗಲದಲ್ಲಿ ಹಿಗ್ಗುತ್ತದೆ, ಒಣಹವೆಗೆ ಕುಗ್ಗುತ್ತದೆ. ಮಂಗಳೂರಿನ ಮಳೆಗಾಲದಲ್ಲಿ ಬಿಗಿಯಾದ ಡ್ರಾಯರು ಬಳ್ಳಾರಿಯ ಬೇಸಿಗೆಯಲ್ಲಿ ಸಡಿಲವಾದರೆ ಅದು ದೋಷವಲ್ಲ. ಆದರೆ ಅದನ್ನು ಮೊದಲೇ ಹೇಳಿದವರ ಮಾತಿಗೆ ಬೆಲೆ ಇರುತ್ತದೆ, ದೂರು ಬಂದ ಮೇಲೆ ಹೇಳಿದರೆ ನೆಪ ಹೇಳಿದಂತಾಗುತ್ತದೆ.

ಕೋಣೆಯಲ್ಲಿ ಹಿಡಿಸುವುದು ಒಂದು, ಕೋಣೆಯವರೆಗೆ ಬರುವುದು ಇನ್ನೊಂದು. ಬಿಡಿಭಾಗಗಳಾಗಿ ಬರುವ ಮಂಚದಲ್ಲಿ ಅತಿ ಉದ್ದದ ಪೆಟ್ಟಿಗೆ ಪಕ್ಕದ ಹಲಗೆಯದು, ಸುಮಾರು ಏಳಡಿ. ಸಣ್ಣ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಅದು ನೆಟ್ಟಗೆ ನಿಂತೀತೇ, 20×30 ಸೈಟಿನ ಮನೆಯ ಮೂರಡಿ ಮೆಟ್ಟಿಲಿನ ತಿರುವಿನಲ್ಲಿ ಹೊರಳೀತೇ ಎಂದು ಕೊಳ್ಳುವವರು ನೋಡಿಕೊಳ್ಳಬೇಕಾದರೆ ಅವರಿಗೆ ಅತಿ ದೊಡ್ಡ ಪೆಟ್ಟಿಗೆಯ ಅಳತೆಯೂ ಅತಿ ಭಾರದ ಪೆಟ್ಟಿಗೆಯ ತೂಕವೂ ಬೇಕು. ‘ಡೋರ್ ಡೆಲಿವರಿ’ ಎಂದರೆ ಗೇಟೋ, ಮೂರನೇ ಮಹಡಿಯ ಬಾಗಿಲೋ ಎಂಬುದನ್ನೂ ಅಲ್ಲೇ ಬರೆಯಬೇಕು. ನಲವತ್ತು ಕೆಜಿಯ ಪೆಟ್ಟಿಗೆಯನ್ನು ಗೇಟಿನಲ್ಲಿ ಇಳಿಸಿ ಹೋದ ಮೇಲೆ ಶುರುವಾಗುವ ಫೋನ್ ಜಗಳಕ್ಕೆ ಮಂಚದ ಗುಣಮಟ್ಟದೊಂದಿಗೆ ಸಂಬಂಧವೇ ಇರುವುದಿಲ್ಲ.

ಜೋಡಣೆಯ ಮಾತಿನಲ್ಲಿ ಅತ್ಯಂತ ಸವಕಲಾದದ್ದು ‘ಸುಲಭ ಜೋಡಣೆ, ಕೇವಲ 30 ನಿಮಿಷ’. ಆ ಮೂವತ್ತು ನಿಮಿಷ ಯಾರದು? ದಿನಕ್ಕೆ ನಾಲ್ಕು ಮಂಚ ಜೋಡಿಸುವ ಕಾರ್ಖಾನೆಯ ಹುಡುಗನದು. ಮನೆಯವರು ಮೊದಲ ಅರ್ಧ ಗಂಟೆಯನ್ನು ರಟ್ಟು ಬಿಚ್ಚಿ, ಸ್ಕ್ರೂಗಳನ್ನು ಬಗೆಯಾಗಿ ವಿಂಗಡಿಸಿ, ಎಡದ ಹಲಗೆ ಯಾವುದು ಬಲದ್ದು ಯಾವುದು ಎಂದು ನೋಡುವುದರಲ್ಲೇ ಕಳೆಯುತ್ತಾರೆ. ನಿಜವಾದ ಸಮಯ ತಿಳಿಯಬೇಕಾದರೆ ಆ ಮಂಚವನ್ನು ಹಿಂದೆಂದೂ ಜೋಡಿಸದ ಇಬ್ಬರ ಕೈಗೆ ಪೆಟ್ಟಿಗೆಗಳನ್ನೂ ಕೈಪಿಡಿಯನ್ನೂ ಕೊಟ್ಟು, ಮೊದಲ ಟೇಪು ಕತ್ತರಿಸಿದಲ್ಲಿಂದ ಹಾಸಿಗೆ ಹಾಕುವವರೆಗೆ ಗಡಿಯಾರ ನೋಡಬೇಕು. ಪಕ್ಕದಲ್ಲಿ ನಿಂತವರು ಸಹಾಯ ಮಾಡಬಾರದು. ಅವರು ಎಲ್ಲಿ ತಡವರಿಸುತ್ತಾರೋ ಅಲ್ಲಿ ಕೈಪಿಡಿ ತಪ್ಪಿದೆ ಎಂದು ಅರ್ಥ. ಎರಡು ಮೂರು ಜೋಡಿಗಳ ಸಮಯ ನೋಡಿ ‘ಹೊಸಬರು ಇಬ್ಬರಿದ್ದರೆ ಎರಡರಿಂದ ಮೂರು ಗಂಟೆ’ ಎಂದು ಬರೆದರೆ ಓದುವವರು ಭಾನುವಾರಕ್ಕೆ ಇಟ್ಟುಕೊಳ್ಳುತ್ತಾರೆ, ಪಕ್ಕದ ಮನೆಯವರನ್ನು ಕರೆಯುತ್ತಾರೆ. ‘ಒಬ್ಬರಿಂದ ಆಗದು’ ಎಂಬುದನ್ನು ಸ್ಪಷ್ಟವಾಗಿ ಬರೆಯಲು ಸಂಕೋಚ ಬೇಡ. ಪಕ್ಕದ ಹಲಗೆಯನ್ನು ಹೆಡ್‌ಬೋರ್ಡಿಗೆ ಸೇರಿಸುವಾಗ ಇನ್ನೊಬ್ಬರು ತುದಿ ಎತ್ತಿ ಹಿಡಿಯದಿದ್ದರೆ ಅದರ ಭಾರವೆಲ್ಲ ಅರ್ಧ ಬಿಗಿದ ಒಂದೇ ಬೋಲ್ಟಿನ ಮೇಲೆ ಬೀಳುತ್ತದೆ, ಬೋರ್ಡು ಅಲ್ಲೇ ಸೀಳುತ್ತದೆ.

ಸಮಯಕ್ಕಿಂತ ಮುಖ್ಯವಾದದ್ದು ಸಲಕರಣೆ ಮತ್ತು ಕೈಯ ಹದ. ಪೆಟ್ಟಿಗೆಯೊಳಗೆ ಅಲೆನ್ ಕೀ ಇದೆಯೇ, ಮನೆಯಲ್ಲಿ ಸ್ಟಾರ್ ಸ್ಕ್ರೂಡ್ರೈವರ್ ಬೇಕೇ, ಡ್ರಿಲ್ ಬೇಕೇ ಬೇಡವೇ, ಗೋಡೆಗೆ ತೂತು ಹೊಡೆಯಬೇಕೇ, ಇವು ಒಂದು ವಾಕ್ಯದಲ್ಲಿ ಮುಗಿಯುವ ಸಂಗತಿಗಳು. ಹದದ ಬಗ್ಗೆ ಒಂದು ಎಚ್ಚರಿಕೆ ಮಾತ್ರ ಬಿಡಬಾರದು. ಪಾರ್ಟಿಕಲ್ ಬೋರ್ಡು ಮರದ ಚೂರುಗಳನ್ನು ಅಂಟಿನಲ್ಲಿ ಒತ್ತಿ ಮಾಡಿದ್ದು. ಅದರಲ್ಲಿ ಸ್ಕ್ರೂವನ್ನು ಬಿಗಿಯಾದ ಮೇಲೂ ತಿರುಗಿಸಿದರೆ ಒಳಗಿನ ಹಿಡಿತ ಪುಡಿಯಾಗಿ ತೂತು ಸಡಿಲವಾಗುತ್ತದೆ, ಮತ್ತೆ ಅದೇ ಸ್ಕ್ರೂ ಅಲ್ಲಿ ನಿಲ್ಲುವುದಿಲ್ಲ. ಪವರ್ ಡ್ರಿಲ್ಲಿನಿಂದ ಬಿಗಿಯುವವರು ಇದನ್ನು ಒಂದು ಕ್ಷಣದಲ್ಲಿ ಮಾಡಿಬಿಡುತ್ತಾರೆ, ಆಮೇಲೆ ‘ತೂತು ಸರಿಯಿಲ್ಲದ ಹಲಗೆ ಕಳಿಸಿದ್ದಾರೆ’ ಎಂದು ದೂರುತ್ತಾರೆ. ‘ಕೈಯಿಂದಲೇ ಬಿಗಿಯಿರಿ’ ಎಂಬ ಸೂಚನೆ ಆರ್ಡರ್ ಮಾಡುವ ಮೊದಲೂ ಕಾಣಬೇಕು, ಹಲಗೆಯ ಮೇಲೂ ಅಂಟಿರಬೇಕು.

ಹೈಡ್ರಾಲಿಕ್ ಮಂಚದ ಅತಿ ವಿಚಿತ್ರ ದೂರು ಬೇರೆಯೇ. ಜೋಡಣೆ ಮುಗಿದಿದೆ, ಹಲಗೆ ಕೆಳಗೆ ಬರುತ್ತಿಲ್ಲ. ಒತ್ತಿದರೂ ಮತ್ತೆ ಮೇಲೇಳುತ್ತದೆ. ‘ಮಂಚ ಕೆಟ್ಟಿದೆ’ ಎಂದು ಫೋನ್ ಬರುತ್ತದೆ. ಕೆಟ್ಟಿರುವುದಿಲ್ಲ. ಆ ಗ್ಯಾಸ್ ಪಿಸ್ಟನ್‌ಗಳು ಹಾಸಿಗೆಯ ಭಾರ ಮೇಲಿರುವಾಗ ಸುಲಭವಾಗಿ ಎತ್ತಲೆಂದು ಮಾಡಿದವು, ಹಾಸಿಗೆ ಇಲ್ಲದಿದ್ದರೆ ಅವುಗಳ ಬಲವೇ ಗೆಲ್ಲುತ್ತದೆ. ಇನ್ನೊಂದು ಕಡೆ ತೀರಾ ಭಾರದ ಹಾಸಿಗೆ ಹಾಕಿದರೆ ಎತ್ತಿದ ಹಲಗೆ ನಿಲ್ಲದೆ ಕೈಮೇಲೆ ಬೀಳುವ ಅಪಾಯವಿದೆ. ತೆಳು ಫೋಮ್ ಹಾಸಿಗೆಗೂ ದಪ್ಪ ಲೇಟೆಕ್ಸ್ ಹಾಸಿಗೆಗೂ ತೂಕ ದುಪ್ಪಟ್ಟು ವ್ಯತ್ಯಾಸವಾಗಬಹುದಾದ್ದರಿಂದ ‘25ರಿಂದ 40 ಕೆಜಿಯೊಳಗಿನ ಹಾಸಿಗೆಗೆ ಮಾತ್ರ, ಹಾಸಿಗೆ ಹಾಕುವ ಮೊದಲು ಹಲಗೆ ಮುಚ್ಚಲು ಯತ್ನಿಸಬೇಡಿ’ ಎಂಬ ಎರಡು ಮಾತು ಆರ್ಡರ್ ಪುಟದಲ್ಲಿದ್ದರೆ ಈ ದೂರಿನ ಬೇರೇ ಕತ್ತರಿಸುತ್ತದೆ.

‘ನಮ್ಮ ಕಾರ್ಪೆಂಟರೇ ಬಂದು ಜೋಡಿಸುತ್ತಾನಲ್ಲ, ಇದನ್ನೆಲ್ಲ ಯಾಕೆ ಹೇಳಬೇಕು’ ಎಂದು ಮಾರುವವರು ಕೇಳಬಹುದು. ಬಾಡಿಗೆ ಮನೆಗಳಿಂದಾಗಿ ಹೇಳಬೇಕು. ಬೆಂಗಳೂರಿನಲ್ಲಿ ಬಾಡಿಗೆ ಕರಾರು ಸಾಮಾನ್ಯವಾಗಿ ಹನ್ನೊಂದು ತಿಂಗಳದ್ದು. ಮನೆ ಬದಲಿಸುವಾಗ ಮಂಚ ಬಿಚ್ಚಿ ಮತ್ತೆ ಕೂಡಿಸಬೇಕು, ಆಗ ಕಂಪನಿಯ ಕಾರ್ಪೆಂಟರ್ ಬರುವುದಿಲ್ಲ. ಲೋಹದ ನಟ್ಟು ಬೋಲ್ಟಿನ ಕೀಲುಗಳಿರುವ ಮಂಚ ಹಲವು ಸಲ ಬಿಚ್ಚಿದರೂ ತಡೆಯುತ್ತದೆ, ನೇರವಾಗಿ ಬೋರ್ಡಿಗೆ ಸ್ಕ್ರೂ ಹೊಡೆದದ್ದು ಎರಡನೇ ಮನೆಯಲ್ಲೇ ಕಿರುಗುಟ್ಟಲು ಶುರುಮಾಡುತ್ತದೆ. ಇದನ್ನು ಹೇಳಿದರೆ ಅಗ್ಗದ ಮಂಚ ಮಾರಾಟವಾಗದು ಎಂಬ ಭಯ ಸಹಜ. ಆದರೆ ಸ್ವಂತ ಮನೆಯವರು ಅದನ್ನೇ ಕೊಳ್ಳುತ್ತಾರೆ, ಬಾಡಿಗೆಯವರು ಇನ್ನೊಂದು ಸಾವಿರ ಕೊಟ್ಟು ಬೋಲ್ಟಿನದನ್ನು ಕೊಳ್ಳುತ್ತಾರೆ. ಸರಿಯಾದ ಮಂಚ ಸರಿಯಾದ ಮನೆ ಸೇರುವುದೂ ವ್ಯಾಪಾರವೇ.

ಇನ್ನು ಭಾರ. ‘500 ಕೆಜಿ ತಡೆಯುತ್ತದೆ’ ಎಂಬ ದಪ್ಪಕ್ಷರದ ಸಾಲು ಎಲ್ಲಕ್ಕಿಂತ ಖಾಲಿಯಾದದ್ದು. ಆ ಐನೂರರಲ್ಲಿ ಹಾಸಿಗೆ ಸೇರಿದೆಯೇ? ಭಾರ ಹಲಗೆಯ ಮೇಲೆಲ್ಲ ಸಮನಾಗಿ ಹರಡಿತ್ತೇ, ಒಂದೇ ಕಡೆ ಇತ್ತೇ? ಒಂದು ನಿಮಿಷ ಇತ್ತೇ, ಒಂದು ರಾತ್ರಿ ಇತ್ತೇ? ಇವುಗಳ ವ್ಯತ್ಯಾಸ ಸಣ್ಣದಲ್ಲ. ಎರಡು ತುದಿಯಲ್ಲಿ ಆಧಾರವಿರುವ ಅಡ್ಡಪಟ್ಟಿಯ ಮೇಲೆ ಒಂದೇ ಭಾರವನ್ನು ಉದ್ದಕ್ಕೂ ಹರಡಿದಾಗ ಆಗುವ ಬಾಗಿಸುವ ಒತ್ತಡಕ್ಕಿಂತ, ಅದೇ ಭಾರ ನಟ್ಟನಡುವೆ ಕೂತರೆ ಒತ್ತಡ ಎರಡು ಪಟ್ಟು. ಅಂದರೆ ಹರಡಿದ ನೂರು ಕೆಜಿಯನ್ನಷ್ಟೇ ತಡೆಯುವ ಪಟ್ಟಿ ನಡುವೆ ತಡೆಯುವುದು ಐವತ್ತನ್ನು. ನಮ್ಮ ಮನೆಗಳಲ್ಲಿ ಮಂಚ ಮುರಿಯುವುದು ಹೆಚ್ಚಾಗಿ ಮಲಗಿದಾಗ ಅಲ್ಲ. ಹಬ್ಬಕ್ಕೆ ಮುಂಚೆ ಮಂಚದ ಮೇಲೆ ನಿಂತು ಫ್ಯಾನು ಒರೆಸುವಾಗ ಎಂಬತ್ತು ಕೆಜಿಯ ಮನುಷ್ಯ ಒಂದು ಕಾಲಿಗೆ ಭಾರ ಕೊಟ್ಟು ಮೇಲಕ್ಕೆ ಚಾಚುತ್ತಾನೆ, ಆ ಪಾದದಡಿಯ ಅಂಗೈಯಗಲ ಪ್ಲೈವುಡ್ಡಿನ ಕೆಳಗೆ ಆಧಾರದ ಪಟ್ಟಿ ಇರುವುದಿಲ್ಲ. ಇಬ್ಬರು ಒಂದೇ ಅಂಚಿನಲ್ಲಿ ಕೂತಾಗ ಪಕ್ಕದ ಹಲಗೆಯ ಕೀಲಿಗೆ ಬೀಳುವ ಎಳೆತ ಇನ್ನೊಂದು. ಮಕ್ಕಳ ಕುಣಿತವಂತೂ ತೂಕಕ್ಕಿಂತ ಎಷ್ಟೋ ಹೆಚ್ಚಿನ ಹೊಡೆತ ಕೊಡುತ್ತದೆ.

ಹೀಗಾಗಿ ಒಂದು ಮಂಚಕ್ಕೆ ಒಂದು ಭಾರದ ಅಂಕಿ ಸಾಲದು. ಮಲಗುವವರ ಒಟ್ಟು ತೂಕ, ಒಬ್ಬರೇ ನಡುವೆ ನಿಂತರೆ ಎಷ್ಟು, ಕೆಳಗಿನ ಪೆಟ್ಟಿಗೆಯೊಳಗೆ ಎಷ್ಟು, ಈ ಮೂರೂ ಬೇಕು. ಕೊನೆಯದನ್ನು ಮರೆತವರ ಮಂಚಗಳ ಕೆಳತಟ್ಟೆ, ಹೆಚ್ಚಾಗಿ ತೆಳ್ಳನೆಯ ಪ್ಲೈವುಡ್ಡು, ಅಕ್ಕಿ ಚೀಲ ಮತ್ತು ಹಿತ್ತಾಳೆ ಪಾತ್ರೆಗಳ ಭಾರಕ್ಕೆ ಕುಸಿದು ನೆಲ ಮುಟ್ಟುತ್ತದೆ.

‘ದೊಡ್ಡ ಕಂಪನಿಗೆ ಲ್ಯಾಬ್ ಇದೆ, ನಮ್ಮಂಥ ಸಣ್ಣ ಕಾರ್ಖಾನೆಯವರು ಈ ಅಂಕಿ ಎಲ್ಲಿಂದ ತರೋಣ’ ಎಂಬ ಆಕ್ಷೇಪದಲ್ಲಿ ಹುರುಳಿದೆ. ಭಾರತೀಯ ಮಾನಕ ಬ್ಯೂರೋ 2022ರಲ್ಲಿ ಮಂಚಗಳಿಗೆಂದೇ ಐಎಸ್ 17635 ಎಂಬ ಮಾನಕ ಹೊರಡಿಸಿದೆ. ಪೀಠೋಪಕರಣಗಳ ಪ್ರಯೋಗಾಲಯ ಪರೀಕ್ಷೆಯೆಂದರೆ ಭಾರ ಇಟ್ಟು ನೋಡುವುದಷ್ಟೇ ಅಲ್ಲ, ಯಂತ್ರದಿಂದ ಸಾವಿರಾರು ಸಲ ಒತ್ತಿ ಬಿಡುವುದೂ ಸೇರುತ್ತದೆ. ಅದನ್ನು ಅಂಗಳದಲ್ಲಿ ಮಾಡಲಾಗದು. ಆದರೂ ಅಂದಾಜಿನ ಅಂಕಿಗಿಂತ ಎಷ್ಟೋ ಮೇಲಾದದ್ದನ್ನು 25 ಕೆಜಿಯ ಅಕ್ಕಿ ಚೀಲಗಳಿಂದಲೇ ತಿಳಿಯಬಹುದು. ಜೋಡಿಸಿದ ಮಂಚದ ಹಲಗೆಯಡಿ ಅಡ್ಡಕ್ಕೆ ದಾರ ಬಿಗಿದು, ನಡುವೆ ದಾರಕ್ಕೂ ಹಲಗೆಗೂ ಎಷ್ಟು ಅಂತರ ಎಂದು ಸ್ಕೇಲಿನಲ್ಲಿ ಗುರುತು ಹಾಕಿಕೊಳ್ಳಬೇಕು. ಹದಿನಾರು ಚೀಲ, ಅಂದರೆ 400 ಕೆಜಿ, ಸಮನಾಗಿ ಹರಡಿ ಒಂದು ಹಗಲು ಒಂದು ರಾತ್ರಿ ಬಿಡಬೇಕು. ಒಂದು ನಿಮಿಷ ಇಟ್ಟು ತೆಗೆದರೆ ಪ್ರಯೋಜನವಿಲ್ಲ, ಏಕೆಂದರೆ ಪಾರ್ಟಿಕಲ್ ಬೋರ್ಡು ಹೊತ್ತು ಹೋದಂತೆ ಇನ್ನಷ್ಟು ಜೋಲುತ್ತದೆ. ಚೀಲ ಇಳಿಸಿದ ಮೇಲೆ ಹಲಗೆ ಮೊದಲಿನ ಗುರುತಿಗೆ ಮರಳಿದರೆ ಸರಿ. ಮರಳದೆ ಎರಡು ಮೂರು ಮಿಲಿಮೀಟರ್ ಕೆಳಗೇ ಉಳಿದರೆ ಆ ಭಾರ ಹೆಚ್ಚಾಯಿತು ಎಂದರ್ಥ. ಬಳಿಕ ಒಂದಡಿ ಚೌಕದ ಮಣೆಯನ್ನು ಪಟ್ಟಿಗಳ ನಡುವಿನ ಜಾಗದಲ್ಲಿಟ್ಟು ಅದರ ಮೇಲೆ ಆರು ಚೀಲ ಪೇರಿಸಿ ನೋಡಬೇಕು. ಪಾದ ಮಣೆಗಿಂತ ಚಿಕ್ಕದು, ಕಾಲೂರುವುದರಲ್ಲಿ ಹೊಡೆತವೂ ಇದೆ, ಆದ್ದರಿಂದ ಇಲ್ಲಿ ಸಿಕ್ಕಿದ 150ನ್ನು ಹಾಗೇ ಬರೆಯದೆ 90ಕ್ಕೆ ಇಳಿಸಬೇಕು. 400ನ್ನು 250ಕ್ಕೆ ಇಳಿಸಿ, ಅದರಲ್ಲಿ ಹಾಸಿಗೆಯ 40 ಕಳೆದು, ಮಲಗುವವರಿಗೆ 210 ಎಂದು ಬರೆಯುವುದು ಪ್ರಾಮಾಣಿಕ ಲೆಕ್ಕ.

ಇಷ್ಟೆಲ್ಲ ಯಾರು ಓದುತ್ತಾರೆ? ಬಹಳ ಮಂದಿ ಓದುವುದಿಲ್ಲ, ಚಿತ್ರ ನೋಡಿ ಹಣ ಕಟ್ಟುತ್ತಾರೆ. ಅದಕ್ಕಾಗಿಯೇ ಹೊರ ಅಳತೆಯ ಅಂಕಿಗಳು ಎರಡನೆಯ ಚಿತ್ರದ ಮೇಲೇ ಬಾಣದ ಗುರುತಿನೊಂದಿಗೆ ಇರಬೇಕು. ಉಳಿದದ್ದು ನಾಲ್ಕೈದು ಸಾಲಿಗಿಂತ ಹೆಚ್ಚಾಗಬೇಕಿಲ್ಲ. ನಮ್ಮ ಮಂಚಕ್ಕೆ ಅದು ಹೀಗಿರಬಹುದು: ‘78×60 ಇಂಚಿನ, 25ರಿಂದ 40 ಕೆಜಿಯ ಹಾಸಿಗೆಗೆ. ಕೋಣೆಯಲ್ಲಿ ಹಿಡಿಯುವ ಜಾಗ: ಗೋಡೆಯಿಂದ ಕಾಲಿನ ತುದಿಗೆ 83 ಇಂಚು, ಎಡದಿಂದ ಬಲಕ್ಕೆ 63 ಇಂಚು, ವ್ಯತ್ಯಾಸ 5 ಮಿ.ಮೀ. ಒಳಗೆ. ಸ್ಕರ್ಟಿಂಗ್ ಇದ್ದರೆ ಅದರ ದಪ್ಪ ಸೇರಿಸಿಕೊಳ್ಳಿ. ಇಬ್ಬರು ಬೇಕು, ಹೊಸಬರಿಗೆ ಎರಡರಿಂದ ಮೂರು ಗಂಟೆ, ಡ್ರಿಲ್ ಬೇಡ. ಮಲಗುವವರ ಒಟ್ಟು ತೂಕ 210 ಕೆಜಿ, ನಡುವೆ ನಿಂತರೆ ಒಬ್ಬರೇ, 90 ಕೆಜಿಯೊಳಗೆ. ಪೆಟ್ಟಿಗೆಯಲ್ಲಿ 60 ಕೆಜಿ.’ ಫೋನಿನ ಪರದೆಯಲ್ಲಿ ಒಂದೇ ನೋಟಕ್ಕೆ ಸಿಗುವಷ್ಟು ಇದು. ಓದದವರೊಂದಿಗೂ ಜಗಳ ಬಂದಾಗ ಇಬ್ಬರೂ ತಿರುಗಿ ನೋಡುವುದು ಈ ಸಾಲುಗಳನ್ನೇ. 2020ರ ಇ-ಕಾಮರ್ಸ್ ಗ್ರಾಹಕ ಸಂರಕ್ಷಣಾ ನಿಯಮಗಳ ಪ್ರಕಾರ, ಜಾಹೀರಾತಿನಲ್ಲಿ ಹೇಳಿದ ಗುಣಲಕ್ಷಣ ಇಲ್ಲದ ಸರಕನ್ನು ವಾಪಸು ಪಡೆಯಲು ಮಾರುವವರು ನಿರಾಕರಿಸುವಂತಿಲ್ಲ. ಬರೆದ ‘500 ಕೆಜಿ’ಯೂ ಅಂಥ ಒಂದು ಗುಣಲಕ್ಷಣ. ಷರತ್ತಿಲ್ಲದೆ ಬರೆದ ಮೇಲೆ ಅದನ್ನು ಅತ್ಯಂತ ಕಠಿಣ ಅರ್ಥದಲ್ಲಿ ಓದುವ ಅವಕಾಶ ಕೊಂಡವರಿಗೆ ಸಿಗುತ್ತದೆ.

ಕೊನೆಗೆ ಉಳಿಯುವ ಅಳುಕು ಪೈಪೋಟಿಯದು. ಪಕ್ಕದ ಅಂಗಡಿಯವರು 500 ಎಂದು ಬರೆದಿರುವಾಗ ನಮ್ಮ 210 ಬಡಕಲಾಗಿ ಕಾಣುವುದಿಲ್ಲವೇ? ಅಂಕಿ ಒಂಟಿಯಾಗಿದ್ದರೆ ಹೌದು, ಕೆಲವು ಆರ್ಡರುಗಳು ಆ ಕಡೆ ಹೋಗಲೂಬಹುದು. ಆದರೆ ವಾಪಸಾದ ಒಂದು ಮಂಚ ಎರಡೂ ಕಡೆಯ ಲಾರಿ ಬಾಡಿಗೆಯನ್ನು ತಿನ್ನುತ್ತದೆ, ಒಮ್ಮೆ ಸ್ಕ್ರೂ ಏರಿಸಿದ ಹಲಗೆಗಳನ್ನು ಹೊಸದೆಂದು ಮತ್ತೆ ಮಾರಲಾಗದು. ಆ ಒಂದರ ನಷ್ಟ ಸರಿದೂಗಲು ಎಷ್ಟು ಮಂಚ ಮಾರಬೇಕಾಗುತ್ತದೆ ಎಂಬ ಲೆಕ್ಕ ಪ್ರತಿ ಕಾರ್ಖಾನೆಯ ಪುಸ್ತಕದಲ್ಲೇ ಇರುತ್ತದೆ. ಜೊತೆಗೆ, 210ರ ಪಕ್ಕದಲ್ಲಿ ‘ಹಾಸಿಗೆ ಬಿಟ್ಟು, ಮಲಗುವವರ ತೂಕ ಮಾತ್ರ, 400 ಕೆಜಿ ಹೇರಿ ಒಂದು ದಿನ ಬಿಟ್ಟು ನೋಡಿದ್ದು’ ಎಂದಿದ್ದರೆ, ಓದಿದವರು ಪಕ್ಕದ ಅಂಗಡಿಗೆ ಫೋನ್ ಮಾಡಿ ಅವರ 500 ಯಾವ ಲೆಕ್ಕದ್ದು ಎಂದು ಕೇಳುತ್ತಾರೆ.